ಹಳೇ ಚೀಟಿಗಳನ್ನೆಲ್ಲಾ ತಾಳೆ ಹಾಕಿ ಒಂದೇ ಔಷಧಿ ಪಟ್ಟಿ ಮಾಡೋದು ಹೇಗೆ

ತುಂಬಾ ಜನ ಕೇಳ್ತಿರೋ ಪ್ರಶ್ನೆ ಇದು. ಮನೇಲಿ ಅಪ್ಪನೋ ಅಮ್ಮನೋ ನಾಲ್ಕಾರು ವರ್ಷದಿಂದ ಬೇರೆ ಬೇರೆ ಡಾಕ್ಟ್ರ ಹತ್ರ ತೋರಿಸ್ತಿದ್ದಾರೆ, ಚೀಟಿಗಳು ಒಂದು ಫೈಲ್ ತುಂಬಾ ಇವೆ, ಡಬ್ಬಿಯಲ್ಲಿ ಇರೋ ಮಾತ್ರೆಗೂ ಚೀಟಿಯಲ್ಲಿ ಇರೋ ಹೆಸರಿಗೂ ಹೊಂದಲ್ಲ, ಹೊಸ ಡಾಕ್ಟ್ರು "ಈಗ ಏನೇನು ತಗೋತಿದ್ದೀರಾ" ಅಂದ್ರೆ ಫೈಲ್ ಅವರ ಮುಂದೆ ಇಡೋದು ಬಿಟ್ರೆ ಬೇರೆ ಉತ್ತರ ಇಲ್ಲ. ಆ ಫೈಲ್‌ನಿಂದ ಒಂದು ಹಾಳೆಯ ಪಟ್ಟಿ ಮಾಡೋದು ಹೇಗೆ ಅಂತ ಇಲ್ಲಿ ಹಂತ ಹಂತವಾಗಿ ಬರೀತೀನಿ.

ಪಟ್ಟಿಯಲ್ಲಿ ಪ್ರತಿ ಔಷಧಿಗೂ ನಾಲ್ಕು ವಿಷಯ ಇರ್ಬೇಕು: ಔಷಧಿಯ ನಿಜವಾದ ಹೆಸರು, ಒಂದು ಸಲಕ್ಕೆ ಎಷ್ಟು, ದಿನದಲ್ಲಿ ಯಾವ ಯಾವ ಹೊತ್ತಿಗೆ, ಮತ್ತೆ ಯಾತಕ್ಕೆ. ಎಲ್ರೂ ಮೊದಲ ಮೂರು ಬರೆದು ಕೊನೇದನ್ನ ಬಿಟ್ಬಿಡ್ತಾರೆ. ಆದ್ರೆ ನನ್ನ ಕೇಳಿದ್ರೆ "ಯಾತಕ್ಕೆ" ಅನ್ನೋ ಕಾಲಮ್ಮೇ ಪಟ್ಟಿಯ ಜೀವ, ಯಾಕಂದ್ರೆ ಎರಡೆರಡು ಸಲ ಹೋಗ್ತಿರೋ ಮಾತ್ರೆ, ಅವಧಿ ಮುಗಿದ್ರೂ ನಡೀತಿರೋ ಮಾತ್ರೆ, ಇನ್ನೊಂದು ಮಾತ್ರೆಯ ಸೈಡ್ ಎಫೆಕ್ಟ್‌ಗೆ ಅಂತ ಕೊಟ್ಟ ಮಾತ್ರೆ, ಇವೆಲ್ಲಾ ಸಿಕ್ಕಿಬೀಳೋದು ಆ ಕಾಲಮ್ ತುಂಬೋಕೆ ಹೋದಾಗ್ಲೇ.

ಶುರು ಮಾಡೋ ಮುಂಚೆ ಒಂದು ಮಾತು. ಪಟ್ಟಿ ಮಾಡೋದು ನಿಮ್ಮ ಕೆಲಸ, ಔಷಧಿ ನಿಲ್ಸೋದು ಬದಲಾಯ್ಸೋದು ಡಾಕ್ಟ್ರ ಕೆಲಸ. ಮೆಟೊಪ್ರೊಲಾಲ್ ತರದ ಕೆಲವು ಬಿಪಿ-ಹಾರ್ಟ್ ಮಾತ್ರೆಗಳು, ಫಿಟ್ಸ್ ಮಾತ್ರೆ, ತುಂಬಾ ದಿನದಿಂದ ತಗೋತಿರೋ ಸ್ಟಿರಾಯ್ಡ್, ನಿದ್ದೆ ಮಾತ್ರೆ, ಇವನ್ನ ಇದ್ದಕ್ಕಿದ್ದ ಹಾಗೆ ನಿಲ್ಸಿದ್ರೆ ಅದೇ ಒಂದು ದೊಡ್ಡ ತೊಂದರೆ ಆಗುತ್ತೆ. ಸ್ಟೆಂಟ್ ಹಾಕಿದವರ ರಕ್ತ ತೆಳು ಮಾಡೋ ಮಾತ್ರೆಯಂತೂ ಮುಟ್ಲೇಬೇಡಿ.

ಹಂತ 1: ಎರಡು ಗುಡ್ಡೆ ಮಾಡಿ

ಒಂದು ಗುಡ್ಡೆ ಕಾಗದದ್ದು: ಚೀಟಿಗಳು, ಆಸ್ಪತ್ರೆಯ ಡಿಸ್ಚಾರ್ಜ್ ಸಮರಿ (ಅಂದ್ರೆ ಅಡ್ಮಿಟ್ ಆಗಿ ಮನೆಗೆ ಬರೋವಾಗ ಕೊಡೋ ವರದಿ), ಔಷಧಿ ಬಿಲ್‌ಗಳು. ಇನ್ನೊಂದು ಗುಡ್ಡೆ ನಿಜವಾದ ಔಷಧಿಗಳದ್ದು: ಡಬ್ಬಿ, ಹಾಸಿಗೆ ಪಕ್ಕ, ಬ್ಯಾಗು, ಫ್ರಿಜ್ಜು ಎಲ್ಲಾ ಕಡೆ ಹುಡುಕಿ ತನ್ನಿ. ಮಾತ್ರೆ ಮಾತ್ರ ಅಲ್ಲ, ಕಣ್ಣಿಗೆ ಹಾಕೋ ಡ್ರಾಪ್ಸ್, ಇನ್ಹೇಲರ್, ಇನ್ಸುಲಿನ್, ಹಚ್ಚೋ ಮುಲಾಮು, ಚೀಟಿ ಇಲ್ದೆ ತಂದ ನೋವಿನ ಮಾತ್ರೆ, ವಿಟಮಿನ್, ಗಿಡಮೂಲಿಕೆ ಪುಡಿ, ಎಲ್ಲಾ ಲೆಕ್ಕಕ್ಕೆ ಬರುತ್ತೆ. "ಅದು ಔಷಧಿ ಅಲ್ಲ ಬಿಡು" ಅಂತ ಪಕ್ಕಕ್ಕಿಟ್ಟ ವಸ್ತುವೇ ಎಷ್ಟೋ ಸಲ ಮುಖ್ಯವಾಗಿರುತ್ತೆ.

ಕಾಗದಗಳನ್ನ ತಾರೀಖಿನ ಪ್ರಕಾರ ಜೋಡಿಸಿ, ಹಳೇದು ಕೆಳಗೆ ಹೊಸದು ಮೇಲೆ. ತಾರೀಖು ಇಲ್ಲದ ಚೀಟಿ ಇದ್ರೆ ಅದ್ರ ಜೊತೆಗಿನ ಬಿಲ್ಲಿನಲ್ಲೋ ಲ್ಯಾಬ್ ರಿಪೋರ್ಟಿನಲ್ಲೋ ತಾರೀಖು ಇರ್ಬಹುದು ನೋಡಿ, ಅದೂ ಸಿಗ್ಲಿಲ್ಲ ಅಂದ್ರೆ "ತಾರೀಖಿಲ್ಲ" ಅಂತ ಬರೆದು ಬೇರೆ ಇಡಿ, ಊಹೆ ಮೇಲೆ ಮಧ್ಯ ತೂರಿಸ್ಬೇಡಿ.

ಹಂತ 2: ಬ್ರ್ಯಾಂಡ್ ಹೆಸರು ಬಿಟ್ಟು ಒಳಗಿರೋ ಔಷಧಿಯ ಹೆಸರು ಬರೀರಿ

ಸ್ಟ್ರಿಪ್ ಮೇಲೆ ದಪ್ಪಕ್ಷರದಲ್ಲಿ ಇರೋದು ಕಂಪನಿ ಇಟ್ಟ ಹೆಸರು. ನಿಮಗೆ ಬೇಕಾಗಿರೋದು ಸಣ್ಣಕ್ಷರದಲ್ಲಿ ಇರೋ ಜೆನೆರಿಕ್ ಹೆಸರು, ಅಂದ್ರೆ ಒಳಗಿರೋ ಔಷಧಿಯ ಹೆಸರು, ಮತ್ತೆ ಅದ್ರ ಪಕ್ಕದ ಎಂಜಿ ಸಂಖ್ಯೆ. ಒಂದೇ ಔಷಧಿಗೆ ಹತ್ತಾರು ಬ್ರ್ಯಾಂಡ್ ಇರೋದ್ರಿಂದ ಬ್ರ್ಯಾಂಡ್ ಹೆಸರಲ್ಲಿ ಪಟ್ಟಿ ಮಾಡಿದ್ರೆ ಒಂದೇ ಔಷಧಿ ಎರಡು ಸಾಲಲ್ಲಿ ಕೂತಿದ್ರೂ ನಿಮ್ಮ ಕಣ್ಣಿಗೆ ಬೀಳಲ್ಲ.

ಇಲ್ಲಿ ಎಲ್ರೂ ಎಡವೋ ಜಾಗ ಕಾಂಬಿನೇಷನ್ ಮಾತ್ರೆ, ಒಂದೇ ಮಾತ್ರೆಯಲ್ಲಿ ಎರಡು ಮೂರು ಔಷಧಿ ಸೇರ್ಸಿರೋದು. ಬಿಪಿ, ಶುಗರ್, ನೋವು, ಈ ಮೂರಕ್ಕೆ ಕೊಡೋ ಮಾತ್ರೆಗಳಲ್ಲಿ ಇದು ತುಂಬಾ ಸಾಮಾನ್ಯ. ಕಚ್ಚಾ ಹಾಳೆಯಲ್ಲಿ ಅದನ್ನ ಬಿಡಿಸಿ ಬರೀರಿ. "ಟೆಲ್ಮಿಸಾರ್ಟನ್ 40 + ಅಮ್ಲೊಡಿಪಿನ್ 5" ಅನ್ನೋ ಒಂದು ಮಾತ್ರೆ ಇದ್ರೆ ಟೆಲ್ಮಿಸಾರ್ಟನ್‌ಗೆ ಒಂದು ಸಾಲು, ಅಮ್ಲೊಡಿಪಿನ್‌ಗೆ ಒಂದು ಸಾಲು, ಎರಡರ ಮುಂದೆಯೂ "ಒಂದೇ ಮಾತ್ರೆಯಲ್ಲಿ" ಅಂತ ಗುರುತು. ಸ್ವಲ್ಪ ಬೇಜಾರಿನ ಕೆಲಸ, ಆದ್ರೆ ಇದನ್ನ ಮಾಡ್ಲಿಲ್ಲ ಅಂದ್ರೆ ಮುಂದಿನದ್ದೆಲ್ಲಾ ದಂಡ.

ಹೆಸರಿನ ಕೊನೇಲಿ ಎಸ್‌ಆರ್, ಇಆರ್, ಎಕ್ಸ್‌ಆರ್ ಅಂತ ಅಕ್ಷರ ಇದ್ರೆ ಅದನ್ನೂ ಸೇರ್ಸಿ ಬರೀರಿ. ಔಷಧಿ ಹೊಟ್ಟೆಯಲ್ಲಿ ನಿಧಾನಕ್ಕೆ ಬಿಡುಗಡೆ ಆಗೋ ತರ ಮಾಡಿರೋ ಮಾತ್ರೆ ಅಂತ ಅರ್ಥ. ಅಂಥದ್ದನ್ನ ಪುಡಿ ಮಾಡಿ ಕೊಡ್ಬಾರ್ದು, ಮಾಮೂಲಿ ಮಾತ್ರೆಗೆ ಬದಲಿಯಾಗಿ ಅದೇ ಲೆಕ್ಕದಲ್ಲಿ ತಗೊಳ್ಳೋ ಹಾಗೂ ಇಲ್ಲ.

ಹಂತ 3: ಡೋಸು ಮತ್ತು ಹೊತ್ತು, ಪೂರ್ತಿ ಮಾತಲ್ಲಿ

ಚೀಟಿಯ ಸಂಕ್ಷಿಪ್ತ ಅಕ್ಷರಗಳನ್ನ ನಿಮ್ಮ ಪಟ್ಟಿಗೆ ಹಾಗೇ ಇಳಿಸ್ಬೇಡಿ, ಬಿಡಿಸಿ ಬರೀರಿ. ಓಡಿ ಅಂದ್ರೆ ದಿನಕ್ಕೆ ಒಂದು ಸಲ, ಬಿಡಿ ಅಂದ್ರೆ ಎರಡು ಸಲ, ಟಿಡಿಎಸ್ ಅಂದ್ರೆ ಮೂರು ಸಲ, ಎಚ್‌ಎಸ್ ಅಂದ್ರೆ ಮಲಗೋ ಹೊತ್ತಿಗೆ, ಎಸ್‌ಒಎಸ್ ಅಂದ್ರೆ ಬೇಕಾದಾಗ ಮಾತ್ರ. 1-0-1 ಅಂತ ಇದ್ರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ಎಸಿ ಅಂದ್ರೆ ಊಟಕ್ಕೆ ಮುಂಚೆ, ಪಿಸಿ ಅಂದ್ರೆ ಊಟ ಆದ್ಮೇಲೆ. ಕಣ್ಣಿನ ಡಾಕ್ಟ್ರ ಚೀಟಿಯಲ್ಲಿ ಮಾತ್ರ ಓಡಿ ಅಂದ್ರೆ ಬಲಗಣ್ಣು ಅಂತ ಅರ್ಥ ಆಗ್ಬಹುದು, ಅದಕ್ಕೇ ಕಣ್ಣಿನ ಡ್ರಾಪ್ಸ್‌ಗೆ ಯಾವ ಕಣ್ಣು, ದಿನಕ್ಕೆ ಎಷ್ಟು ಸಲ ಅಂತ ಎರಡನ್ನೂ ಕೇಳಿ ಬರೀಬೇಕು.

ಡೋಸ್ ಬರೆಯೋವಾಗ ಮಾತ್ರೆಯ ಶಕ್ತಿ ಬೇರೆ, ತಗೊಳ್ಳೋ ಡೋಸ್ ಬೇರೆ ಅನ್ನೋದು ನೆನಪಿರ್ಲಿ. 50 ಎಂಜಿ ಮಾತ್ರೆಯನ್ನ ಅರ್ಧ ಮಾಡಿ ತಗೊಂಡ್ರೆ ಡೋಸ್ 25 ಎಂಜಿ. ಎರಡನ್ನೂ ಬರೀರಿ, "25 ಎಂಜಿ (50ರ ಅರ್ಧ ಮಾತ್ರೆ)" ಅಂತ, ಯಾಕಂದ್ರೆ ಮುಂದಿನ ಸಲ ಅಂಗಡಿಯವರು 25ರ ಮಾತ್ರೆಯನ್ನೇ ಕೊಟ್ರೆ ಅದನ್ನೂ ಅರ್ಧ ಮಾಡೋರು ಇದ್ದಾರೆ. ಥೈರಾಯ್ಡ್ ಮಾತ್ರೆ ಲೆವೊಥೈರಾಕ್ಸಿನ್ ಮೈಕ್ರೊಗ್ರಾಂ ಲೆಕ್ಕದಲ್ಲಿ ಇರುತ್ತೆ, ಒಂದು ಎಂಜಿ ಅಂದ್ರೆ ಸಾವಿರ ಮೈಕ್ರೊಗ್ರಾಂ, ಅದಕ್ಕೆ ಆ ಶಬ್ದವನ್ನ ಪೂರ್ತಿ ಬರೀರಿ. 5.0 ಅಂತ ಬರೀಬೇಡಿ, ಚುಕ್ಕೆ ಅಳಿಸಿದ್ರೆ 50 ಆಗುತ್ತೆ, ಬರೀ 5 ಸಾಕು. ಅದೇ ಅರ್ಧಕ್ಕೆ ಮುಂದೆ ಸೊನ್ನೆ ಹಾಕಿ 0.5 ಅಂತ್ಲೇ ಬರೀರಿ.

ಒಂದು ಔಷಧಿ ಬಗ್ಗೆ ಬೇರೆಯಾಗೇ ಹೇಳ್ಬೇಕು. ಕೀಲುವಾತಕ್ಕೆ ಮತ್ತೆ ಕೆಲವು ಚರ್ಮದ ಕಾಯಿಲೆಗೆ ಕೊಡೋ ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ ತಗೊಳ್ಳೋದು. ಅದನ್ನ ತಪ್ಪಿ ದಿನಾ ತಗೊಂಡು ಪ್ರಾಣ ಹೋಗಿರೋ ಉದಾಹರಣೆಗಳಿವೆ. ನಿಮ್ಮ ಫೈಲಲ್ಲಿ ಅದು ಇದ್ರೆ "ವಾರಕ್ಕೆ ಒಂದು ಸಲ" ಅಂತ ಬರೆದು ವಾರದ ಯಾವ ದಿನ ಅನ್ನೋದನ್ನೂ ಅದ್ರ ಪಕ್ಕ ಬರೀರಿ, ಡಾಕ್ಟ್ರನ್ನ ಕೇಳ್ಕೊಂಡು.

ಕೈಬರಹ ಅರ್ಥ ಆಗ್ಲಿಲ್ಲ ಅಂದ್ರೆ ಪ್ರಶ್ನೆ ಚಿಹ್ನೆ ಹಾಕಿ ಮುಂದಕ್ಕೆ ಹೋಗಿ, ಫಾರ್ಮಸಿಸ್ಟ್ ಹತ್ರ ಆಮೇಲೆ ಓದಿಸ್ಬಹುದು.

ಹಂತ 4: ಯಾತಕ್ಕೆ ಅನ್ನೋ ಕಾಲಮ್

ಕಾರಣ ಮೊದಲು ಚೀಟಿಯಲ್ಲೇ ಹುಡುಕಿ. ಚೀಟಿಯ ಮೇಲ್ಭಾಗದಲ್ಲಿ ಡಾಕ್ಟ್ರು ಏನು ತೊಂದರೆ ಅಂತ ಎರಡು ಅಕ್ಷರ ಬರೆದಿರ್ತಾರೆ, ಎಚ್‌ಟಿಎನ್ ಅಂದ್ರೆ ಬಿಪಿ, ಡಿಎಂ ಅಥವಾ ಟಿ2ಡಿಎಂ ಅಂದ್ರೆ ಶುಗರ್, ಒಎ ನೀ ಅಂದ್ರೆ ಮಂಡಿ ಸವೆತ. ಡಿಸ್ಚಾರ್ಜ್ ಸಮರಿ ಇದ್ರೆ ಅದ್ರಲ್ಲಿ ಕಾಯಿಲೆಯ ಹೆಸರು ಇನ್ನೂ ಬಿಡಿಸಿ ಇರುತ್ತೆ. ಅಲ್ಲೂ ಇಲ್ಲ ಅಂದ್ರೆ ರೋಗಿಯನ್ನೇ ಕೇಳಿ, ಆಗ ಏನಾಗಿತ್ತು ಅಂತ ಡಾಕ್ಟ್ರ ಹತ್ರ ಹೋಗಿದ್ರಿ ಅಂತ, ಮಾತ್ರೆ ಯಾತಕ್ಕೆ ಅಂತ ಕೇಳೋದಕ್ಕಿಂತ ಹೀಗೆ ಕೇಳಿದ್ರೆ ಅವ್ರಿಗೆ ಬೇಗ ನೆನಪಾಗುತ್ತೆ.

ಮಾಡ್ಬಾರದ ಕೆಲಸ ಅಂದ್ರೆ ಔಷಧಿ ಹೆಸರು ನೆಟ್ಟಲ್ಲಿ ಹಾಕಿ ಮೊದಲು ಬಂದ ಕಾರಣ ತುಂಬೋದು. ಅಮಿಟ್ರಿಪ್ಟಿಲಿನ್ ಅಂತ ಹುಡುಕಿದ್ರೆ ಖಿನ್ನತೆಗೆ ಅಂತ ಬರುತ್ತೆ, ಆದ್ರೆ 10 ಎಂಜಿ ಅಷ್ಟು ಸಣ್ಣ ಡೋಸಲ್ಲಿ ಅದನ್ನ ನರದ ನೋವಿಗೋ ಮೈಗ್ರೇನ್‌ಗೋ ಕೊಡೋದು ಜಾಸ್ತಿ. ಪ್ರೊಪ್ರನೊಲಾಲ್ ಬಿಪಿಗೂ ಕೊಡ್ತಾರೆ, ಕೈ ನಡುಕಕ್ಕೂ ಕೊಡ್ತಾರೆ, ತಲೆನೋವು ಬರ್ದೇ ಇರೋಕೂ ಕೊಡ್ತಾರೆ. ತಪ್ಪು ಕಾರಣ ಬರೆದ್ರೆ ಮುಂದಿನ ಡಾಕ್ಟ್ರು ಅದನ್ನೇ ನಿಜ ಅಂತ ನಂಬ್ತಾರೆ, ಇಲ್ಲದ ಕಾಯಿಲೆ ನಿಮ್ಮ ಫೈಲಿಗೆ ಅಂಟ್ಕೊಳ್ಳುತ್ತೆ. ಗೊತ್ತಿಲ್ಲದ ಕಡೆ "ಗೊತ್ತಿಲ್ಲ, ಕೇಳ್ಬೇಕು" ಅಂತ ಬರೀರಿ, ಡಾಕ್ಟ್ರಿಗೆ ಅದೇ ಉಪಯೋಗ ಜಾಸ್ತಿ.

ಕಾರಣದ ಪಕ್ಕ ಅವಧಿಯನ್ನೂ ಸೇರ್ಸಿ. ಐದು ದಿನ, ಮೂರು ತಿಂಗಳು, ಯಾವಾಗ್ಲೂ, ಹೀಗೆ. ಚೀಟಿಯಲ್ಲಿ ಅವಧಿ ಬರೆದಿಲ್ಲ ಅಂದ್ರೆ "ಅವಧಿ ಬರೆದಿಲ್ಲ" ಅಂತ್ಲೇ ಬರೀರಿ.

ಹಂತ 5: ತಾಳೆ ಹಾಕೋದು

ಈಗ ಎರಡು ಗುಡ್ಡೆಗಳನ್ನ ಎದುರು ಬದುರು ಇಡಿ, ಚೀಟಿ ಏನು ಹೇಳುತ್ತೆ, ರೋಗಿ ನಿಜಕ್ಕೂ ಏನು ತಗೋತಿದ್ದಾರೆ. ಅವ್ರನ್ನ ಪಕ್ಕದಲ್ಲಿ ಕೂರಿಸ್ಕೊಂಡು "ಬೆಳಿಗ್ಗೆ ಎದ್ದ ಮೇಲೆ ಮೊದಲು ಯಾವ ಮಾತ್ರೆ ತಗೋತೀರಾ, ತೋರ್ಸಿ" ಅಂತ ಕೇಳಿ ರಾತ್ರಿವರೆಗೂ ಹಾಗೇ ಹೋಗಿ. ಬೈಯೋ ದನಿ ಬೇಡ. ಬೈದ್ರೆ ಎಲ್ಲಾ ಸರಿಯಾಗಿ ತಗೋತಿದ್ದೀನಿ ಅಂದ್ಬಿಡ್ತಾರೆ, ನಿಮ್ಮ ಪಟ್ಟಿ ಅಲ್ಲೇ ಸುಳ್ಳಾಗುತ್ತೆ.

ಇದು ಹೇಗೆ ಕೆಲಸ ಮಾಡುತ್ತೆ ಅಂತ ಒಂದು ಉದಾಹರಣೆ ಪೂರ್ತಿ ನೋಡೋಣ. 68 ವರ್ಷದ ಒಬ್ಬ ಅಮ್ಮ ಅಂದ್ಕೊಳ್ಳಿ, ನಾಲ್ಕು ಚೀಟಿ.

ಮೂರು ವರ್ಷ ಹಳೇ ಚೀಟಿ, ಫಿಸಿಶಿಯನ್ ಬರೆದಿದ್ದು: ಟೆಲ್ಮಿಸಾರ್ಟನ್ 40 ಬೆಳಿಗ್ಗೆ, ಅಮ್ಲೊಡಿಪಿನ್ 5 ರಾತ್ರಿ, ಮೆಟ್‌ಫಾರ್ಮಿನ್ 500 ಬೆಳಿಗ್ಗೆ-ರಾತ್ರಿ, ಲೆವೊಥೈರಾಕ್ಸಿನ್ 50 ಮೈಕ್ರೊಗ್ರಾಂ ಖಾಲಿ ಹೊಟ್ಟೆಗೆ. ಒಂದೂವರೆ ವರ್ಷದ ಹಿಂದೆ ಅದೇ ಡಾಕ್ಟ್ರು: ಟೆಲ್ಮಿಸಾರ್ಟನ್ 40 + ಅಮ್ಲೊಡಿಪಿನ್ 5 ಸೇರಿದ ಮಾತ್ರೆ ಬೆಳಿಗ್ಗೆ ಒಂದು, ಲೆವೊಥೈರಾಕ್ಸಿನ್ 75, ಕೆಳಗಡೆ "ಉಳಿದದ್ದು ಹಾಗೇ ಮುಂದುವರಿಸಿ". ಹತ್ತು ತಿಂಗಳ ಹಿಂದೆ ಮೂಳೆ ಡಾಕ್ಟ್ರು, ಮಂಡಿ ನೋವಿಗೆ: ಅಸೆಕ್ಲೊಫೆನಾಕ್ 100 + ಪ್ಯಾರಾಸಿಟಮಾಲ್ 325 ದಿನಕ್ಕೆ ಎರಡು, ಐದು ದಿನ, ಪ್ಯಾಂಟೊಪ್ರಜೋಲ್ 40 ತಿಂಡಿಗೆ ಮುಂಚೆ ಐದು ದಿನ, ಕ್ಯಾಲ್ಸಿಯಂ 500 ಬೆಳಿಗ್ಗೆ ಮೂರು ತಿಂಗಳು. ನಾಲ್ಕು ತಿಂಗಳ ಹಿಂದೆ ಬೇರೆ ಒಬ್ಬ ಡಾಕ್ಟ್ರು, ಕಾಲು ಊತಕ್ಕೆ: ಟಾರ್ಸೆಮೈಡ್ 10 ಬೆಳಿಗ್ಗೆ, ಅವಧಿ ಬರೆದಿಲ್ಲ. ಟಾರ್ಸೆಮೈಡ್ ಅಂದ್ರೆ ಮೂತ್ರ ಜಾಸ್ತಿ ಮಾಡಿ ಮೈನೀರು ಇಳಿಸೋ ಮಾತ್ರೆ.

ಅಮ್ಮ ಮಾತ್ರೆ ತೋರಿಸ್ತಾ ಹೋದ್ರು ಅಂದ್ಕೊಳ್ಳಿ. ಬೆಳಿಗ್ಗೆ ಎದ್ದ ತಕ್ಷಣ ಥೈರಾಯ್ಡ್, ಪ್ಯಾಂಟೊಪ್ರಜೋಲ್, ಕ್ಯಾಲ್ಸಿಯಂ ಮೂರೂ ಒಟ್ಟಿಗೆ. ತಿಂಡಿ ಆದ್ಮೇಲೆ ಬಿಪಿಯ ಕಾಂಬಿನೇಷನ್ ಮಾತ್ರೆ, ಶುಗರ್ ಮಾತ್ರೆ, ಊತದ ಮಾತ್ರೆ. ರಾತ್ರಿ ಶುಗರ್ ಮಾತ್ರೆ, ಜೊತೆಗೆ ಹಳೇ ಅಮ್ಲೊಡಿಪಿನ್ 5. ಮಂಡಿ ನೋವು ಬಂದಾಗ ಉಳಿದಿರೋ ನೋವಿನ ಮಾತ್ರೆ.

ಅಮ್ಲೊಡಿಪಿನ್ ನೋಡಿ. ಬೆಳಗಿನ ಮಾತ್ರೆಯ ಬದಲು ಹೊಸ ಬೆಳಗಿನ ಮಾತ್ರೆ ಬಂತು ಅಂತ ಹಳೇ ಟೆಲ್ಮಿಸಾರ್ಟನ್ ಅವ್ರು ಸರಿಯಾಗೇ ನಿಲ್ಸಿದ್ರು. ರಾತ್ರಿಯ ಮಾತ್ರೆಯೂ ಆ ಹೊಸ ಮಾತ್ರೆಯೊಳಗೇ ಸೇರಿದೆ ಅಂತ ಯಾರೂ ಹೇಳ್ಲಿಲ್ಲ, ಮೇಲಾಗಿ ಚೀಟಿಯಲ್ಲಿ "ಉಳಿದದ್ದು ಮುಂದುವರಿಸಿ" ಅಂತ ಬೇರೆ ಇತ್ತು. ಹೀಗೆ 5ರ ಜಾಗದಲ್ಲಿ ದಿನಕ್ಕೆ 10 ಎಂಜಿ ಹೋಗ್ತಿದೆ. ಅಮ್ಲೊಡಿಪಿನ್‌ನ ಗೊತ್ತಿರೋ ಸೈಡ್ ಎಫೆಕ್ಟ್ ಕಾಲ್ಗಂಟಿನ ಹತ್ರ ಊತ, ಡೋಸ್ ಏರಿದ ಹಾಗೆ ಅದೂ ಜಾಸ್ತಿ ಆಗುತ್ತೆ. ಈಗ ಟಾರ್ಸೆಮೈಡ್ ಮುಂದಿನ ಕಾರಣದ ಕಾಲಮ್ ನೋಡಿ, "ಕಾಲು ಊತ". ಅಂದ್ರೆ ಒಂದು ಮಾತ್ರೆ ಎರಡು ಸಲ ಹೋಗಿ ಬಂದ ಊತಕ್ಕೆ ಇನ್ನೊಂದು ಮಾತ್ರೆ ಸೇರಿರೋ ಸಾಧ್ಯತೆ ಇದೆ. ಊತಕ್ಕೆ ಔಷಧಿ ಬರೆದ ಡಾಕ್ಟ್ರು ನೋಡಿದ್ದು ಕಾಲನ್ನ, ಡಬ್ಬಿಯನ್ನಲ್ಲ. ಹೀಗೆ ಒಂದು ಔಷಧಿಯ ಸೈಡ್ ಎಫೆಕ್ಟನ್ನ ಹೊಸ ಕಾಯಿಲೆ ಅಂದ್ಕೊಂಡು ಇನ್ನೊಂದು ಔಷಧಿ ಸೇರ್ತಾ ಹೋಗೋದು ಡಾಕ್ಟ್ರುಗಳಿಗೆ ಚೆನ್ನಾಗಿ ಗೊತ್ತಿರೋ ಸಮಸ್ಯೆ, ನಿಮ್ಮ ಪಟ್ಟಿ ನೋಡಿದ್ರೆ ಅವ್ರಿಗೆ ಕ್ಷಣದಲ್ಲಿ ಹೊಳೆಯುತ್ತೆ.

ಹಾಗಂತ ಮನೇಲೇ ಟಾರ್ಸೆಮೈಡ್ ನಿಲ್ಸೋಕೆ ಹೋಗ್ಬೇಡಿ. ಊತ ಹಾರ್ಟಿಂದಲೂ ಬರ್ಬಹುದು, ಕಿಡ್ನಿಯಿಂದಲೂ ಬರ್ಬಹುದು. ಅಮ್ಲೊಡಿಪಿನ್ ಕೂಡ 10ರಿಂದ 5ಕ್ಕೆ ಇಳಿಸಿದ್ರೆ ಬಿಪಿ ಏರುತ್ತಾ ಅಂತ ನೋಡ್ಬೇಕಾಗುತ್ತೆ. ಒಂದೇ ಔಷಧಿ ಎರಡು ಸಾಲಲ್ಲಿ ಸಿಕ್ಕಿದ್ರೆ ಮಾಡ್ಬೇಕಾಗಿರೋದು ಇಷ್ಟು: ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯ್ದೆ ಅವತ್ತೇ ಫೋನ್ ಮಾಡಿ ಕೇಳೋದು.

ಉಳಿದವು ಬೇಗ ನೋಡ್ಬಿಡೋಣ. ಪ್ಯಾಂಟೊಪ್ರಜೋಲ್‌ಗೆ ಕಾರಣ "ನೋವಿನ ಮಾತ್ರೆ ಜೊತೆ ಹೊಟ್ಟೆಗೆ ತೊಂದರೆ ಆಗ್ದಿರ್ಲಿ ಅಂತ, ಐದು ದಿನ". ಐದು ದಿನ ಮುಗಿದು ಹತ್ತು ತಿಂಗಳಾಯ್ತು. ಇದು ಡಾಕ್ಟ್ರಿಗೆ ಕೇಳೋ ಪ್ರಶ್ನೆ. ಕ್ಯಾಲ್ಸಿಯಂ ಅವಧಿಯೂ ಮುಗಿದಿದೆ, ಅದಕ್ಕಿಂತ ಮುಖ್ಯ ಅದು ಥೈರಾಯ್ಡ್ ಮಾತ್ರೆ ಜೊತೆ ಹೋಗ್ತಿದೆ. ಕ್ಯಾಲ್ಸಿಯಂ ಮತ್ತೆ ಕಬ್ಬಿಣದ ಮಾತ್ರೆ ಲೆವೊಥೈರಾಕ್ಸಿನ್ ಮೈಗೆ ಸೇರೋದನ್ನ ತಡೆಯುತ್ತೆ, ನಾಲ್ಕು ಗಂಟೆ ಅಂತರ ಇರ್ಬೇಕು, ಇಲ್ಲಾಂದ್ರೆ ಟೆಸ್ಟಲ್ಲಿ ಥೈರಾಯ್ಡ್ ಸರಿ ಬರ್ತಿಲ್ಲ ಅಂತ ಡೋಸ್ ಏರಿಸ್ತಾ ಹೋಗ್ತಾರೆ. ನೋವಿನ ಮಾತ್ರೆ ಚೀಟಿ ಪ್ರಕಾರ ಮುಗಿದಿದೆ, ಆದ್ರೆ ನಿಜಕ್ಕೂ ನಡೀತಿದೆ, ಅದನ್ನ ಪಟ್ಟಿಯಲ್ಲಿ ಬರೀಲೇಬೇಕು, ಯಾಕಂದ್ರೆ ಟೆಲ್ಮಿಸಾರ್ಟನ್, ಟಾರ್ಸೆಮೈಡ್ ಜೊತೆ ಅಸೆಕ್ಲೊಫೆನಾಕ್ ತರದ ನೋವಿನ ಮಾತ್ರೆ ಸೇರಿದ್ರೆ ಕಿಡ್ನಿಗೆ ಪೆಟ್ಟು ಬೀಳೋ ಅಪಾಯ ಜಾಸ್ತಿ, ಅದ್ರಲ್ಲೂ ವಾಂತಿ ಭೇದಿ ಆಗಿ ಮೈನೀರು ಕಮ್ಮಿ ಆದಾಗ.

ಹಂತ 6: ಶುದ್ಧ ಪ್ರತಿ ಮತ್ತು ಪ್ರಶ್ನೆಗಳು

ಈಗ ಶುದ್ಧ ಪ್ರತಿ ಬರೀರಿ. ಡಾಕ್ಟ್ರು ನೋಡೋಕೆ ಮುಂಚಿನ ಪಟ್ಟಿ ಇದು, ಅಂದ್ರೆ ಏನು ತಗೋಬೇಕು ಅನ್ನೋದಲ್ಲ, ಇವತ್ತು ಏನು ನಡೀತಿದೆ ಅನ್ನೋದು. ಮೇಲಿನ ಅಮ್ಮನದ್ದು ಹೀಗಿರುತ್ತೆ:

ಲೆವೊಥೈರಾಕ್ಸಿನ್, 75 ಮೈಕ್ರೊಗ್ರಾಂ, ಬೆಳಿಗ್ಗೆ ಖಾಲಿ ಹೊಟ್ಟೆಗೆ, ಥೈರಾಯ್ಡ್‌ಗೆ. (ಕ್ಯಾಲ್ಸಿಯಂ ಜೊತೆಗೇ ತಗೋತಿದ್ದಾರೆ)
ಟೆಲ್ಮಿಸಾರ್ಟನ್ 40 ಎಂಜಿ + ಅಮ್ಲೊಡಿಪಿನ್ 5 ಎಂಜಿ, ಒಂದು ಮಾತ್ರೆ, ಬೆಳಿಗ್ಗೆ ತಿಂಡಿ ಆದ್ಮೇಲೆ, ಬಿಪಿಗೆ.
ಅಮ್ಲೊಡಿಪಿನ್, 5 ಎಂಜಿ, ರಾತ್ರಿ, ಬಿಪಿಗೆ. (ಎರಡು ಸಲ ಹೋಗ್ತಿದೆಯಾ?)
ಮೆಟ್‌ಫಾರ್ಮಿನ್, 500 ಎಂಜಿ, ಬೆಳಿಗ್ಗೆ ಮತ್ತೆ ರಾತ್ರಿ ಊಟ ಆದ್ಮೇಲೆ, ಶುಗರ್‌ಗೆ.
ಟಾರ್ಸೆಮೈಡ್, 10 ಎಂಜಿ, ಬೆಳಿಗ್ಗೆ, ಕಾಲು ಊತಕ್ಕೆ. (ಅವಧಿ ಬರೆದಿಲ್ಲ. ಊತ ಅಮ್ಲೊಡಿಪಿನ್‌ದಾ?)
ಪ್ಯಾಂಟೊಪ್ರಜೋಲ್, 40 ಎಂಜಿ, ಬೆಳಿಗ್ಗೆ, ನೋವಿನ ಮಾತ್ರೆ ಜೊತೆ ಕೊಟ್ಟಿದ್ದು. (ಇನ್ನೂ ಬೇಕಾ?)
ಕ್ಯಾಲ್ಸಿಯಂ, 500 ಎಂಜಿ, ಬೆಳಿಗ್ಗೆ, ಮೂಳೆಗೆ. (ಮೂರು ತಿಂಗಳು ಅಂತ ಇತ್ತು)
ಅಸೆಕ್ಲೊಫೆನಾಕ್ 100 ಎಂಜಿ + ಪ್ಯಾರಾಸಿಟಮಾಲ್ 325 ಎಂಜಿ, ಒಂದು ಮಾತ್ರೆ, ಮಂಡಿ ನೋವು ಬಂದಾಗ, ತಾವೇ ತಗೊಳ್ಳೋದು.

ಬ್ರ್ಯಾಂಡ್ ಹೆಸರನ್ನ ಪ್ರತಿ ಸಾಲಿನ ಕೊನೇಲಿ ಚಿಕ್ಕದಾಗಿ ಬರೆದಿಡಿ, ಡಬ್ಬಿ ಜೊತೆ ಹೋಲಿಸೋಕೆ ಬೇಕಾಗುತ್ತೆ. ಮೇಲ್ಗಡೆ ಹೆಸರು, ವಯಸ್ಸು, ಪಟ್ಟಿ ಮಾಡಿದ ತಾರೀಖು, ಮತ್ತೆ ಯಾವ ಔಷಧಿ ತಗೊಂಡ್ರೆ ಅಲರ್ಜಿ, ಆಗ ಏನಾಗಿತ್ತು ಅನ್ನೋದು. ಬರೀ "ಅಲರ್ಜಿ" ಅಂದ್ರೆ ಸಾಲಲ್ಲ, ಮೈಯೆಲ್ಲಾ ದದ್ದು ಬಂದಿದ್ದಕ್ಕೂ ಹೊಟ್ಟೆ ತೊಳಸಿದ್ದಕ್ಕೂ ತುಂಬಾ ವ್ಯತ್ಯಾಸ ಇದೆ. ಕಿಡ್ನಿ ಟೆಸ್ಟ್ ಕ್ರಿಯಾಟಿನಿನ್ ಇತ್ತೀಚಿಗೆ ಮಾಡ್ಸಿದ್ರೆ ಅದನ್ನೂ ತಾರೀಖಿನ ಜೊತೆ ಬರೀರಿ, ಮೆಟ್‌ಫಾರ್ಮಿನ್ ಸೇರಿ ಹಲವು ಔಷಧಿಗಳ ಡೋಸ್ ಕಿಡ್ನಿ ಹೇಗಿದೆ ಅನ್ನೋದ್ರ ಮೇಲೆ ನಿಲ್ಲುತ್ತೆ.

ಹಂತ 7: ಒಬ್ಬ ಡಾಕ್ಟ್ರ ಹತ್ರ ಪಕ್ಕಾ ಮಾಡ್ಸಿ

ಪಟ್ಟಿ ಮತ್ತೆ ಔಷಧಿ ಡಬ್ಬಿ ಎರಡನ್ನೂ ತಗೊಂಡು, ಎಲ್ಲಾ ಕಾಯಿಲೆಯನ್ನೂ ಒಟ್ಟಾಗಿ ನೋಡೋ ಡಾಕ್ಟ್ರ ಹತ್ರ ಹೋಗಿ. ಒಂದೊಂದು ಸಾಲಿಗೂ ಮುಂದುವರಿಸೋದಾ, ಬದಲಾವಣೆಯಾ, ನಿಲ್ಸೋದಾ ಅಂತ ಕೇಳಿ ಅಲ್ಲೇ ಬರ್ಕೊಳ್ಳಿ. ಬೇರೆ ಸ್ಪೆಷಲಿಸ್ಟ್ ಬರೆದ ಔಷಧಿ ಇದ್ರೆ ಕೆಲವೊಮ್ಮೆ "ಅವರನ್ನೇ ಕೇಳಿ" ಅಂತಾರೆ, ಆಗ ಆ ಸಾಲಿಗೆ ಯಾರನ್ನ ಕೇಳ್ಬೇಕು ಅಂತ ಗುರುತು ಮಾಡಿ, ಕೇಳೋವರೆಗೂ ಅದು ಹಾಗೇ ಮುಂದುವರೀಬೇಕಾ ಅಂತ ಮಾತ್ರ ಇವರ ಹತ್ರ ಸ್ಪಷ್ಟ ಮಾಡ್ಕೊಳ್ಳಿ.

ನಿಲ್ಸಿದ ಔಷಧಿಯನ್ನ ಪಟ್ಟಿಯಿಂದ ಅಳಿಸಿ ಮರೀಬೇಡಿ. ಹಾಳೆಯ ಹಿಂದೆ "ನಿಲ್ಸಿದ್ದು" ಅಂತ ಬೇರೆ ಪಟ್ಟಿ ಮಾಡಿ, ಔಷಧಿ ಹೆಸರು, ಯಾವಾಗ ನಿಲ್ಸಿದ್ರು, ಯಾಕೆ ಅಂತ ಬರೀರಿ. "ಅಮ್ಲೊಡಿಪಿನ್ 5 ರಾತ್ರಿಯದ್ದು ನಿಲ್ಸಿದ್ದು, ಕಾಂಬಿನೇಷನ್ ಮಾತ್ರೆಯಲ್ಲೇ ಇದೆ" ಅಂತ ಒಂದು ಸಾಲು ಇದ್ರೆ ಇನ್ನೊಬ್ಬ ಡಾಕ್ಟ್ರು ಹಳೇ ಚೀಟಿ ನೋಡಿ ಮತ್ತೆ ಬರೆಯೋದು ತಪ್ಪುತ್ತೆ. ನಿಂತಿರೋ ಔಷಧಿಯ ಸ್ಟ್ರಿಪ್ಪುಗಳನ್ನ ಅವತ್ತೇ ಡಬ್ಬಿಯಿಂದ ತೆಗೀರಿ, ಅಲ್ಲೇ ಇದ್ರೆ ಅಭ್ಯಾಸ ಬಲದಿಂದ ಕೈ ಅದಕ್ಕೇ ಹೋಗುತ್ತೆ.

ಪಟ್ಟಿಯನ್ನ ಮತ್ತೆ ತೆಗೆದು ನೋಡ್ಬೇಕಾದ ಸಮಯ ಅಂದ್ರೆ ಯಾವ್ದಾದ್ರೂ ಔಷಧಿ ಸೇರಿದಾಗ, ನಿಂತಾಗ, ಡೋಸ್ ಬದಲಾದಾಗ, ಅಂಗಡಿಯವರು ಬೇರೆ ಬ್ರ್ಯಾಂಡ್ ಕೊಟ್ಟಾಗ, ಮತ್ತೆ ಎಲ್ಲಕ್ಕಿಂತ ಮುಖ್ಯವಾಗಿ ಆಸ್ಪತ್ರೆಯಿಂದ ಡಿಸ್ಚಾರ್ಜ್ ಆದ ದಿನ. ಡಿಸ್ಚಾರ್ಜ್ ಸಮರಿಯಲ್ಲಿ ಹೊಸ ಔಷಧಿ ಇರುತ್ತೆ, ಮನೆಯ ಹಳೇ ಔಷಧಿಗಳ ಬಗ್ಗೆ ಒಂದಕ್ಷರ ಇಲ್ದೇನೂ ಇರ್ಬಹುದು. ಹಾಗಿದ್ರೆ ಅದು ನಿಲ್ಸಿದ್ದಾ, ಬರೆಯೋಕೆ ಬಿಟ್ಟುಹೋಗಿದ್ದಾ ಅಂತ ಅಲ್ಲಿಂದ ಹೊರಡೋ ಮುಂಚೆ ನಿಮ್ಮ ಪಟ್ಟಿ ಕೈಯಲ್ಲಿ ಹಿಡ್ಕೊಂಡು ಸಾಲು ಸಾಲಾಗಿ ಕೇಳಿ. ಹೊಸ ಪ್ರತಿ ಬರೆದ ಮೇಲೆ ಹಳೇ ಪ್ರತಿಯ ಮೇಲೆ ಅಡ್ಡ ಗೆರೆ ಎಳೆದು ಫೈಲಿನ ತಳಕ್ಕೆ ಹಾಕಿ, ಫೋನಲ್ಲಿರೋ ಅದ್ರ ಫೋಟೋ ಡಿಲೀಟ್ ಮಾಡಿ ಹೊಸದ್ರ ಫೋಟೋ ತೆಗೆದಿಟ್ಕೊಳ್ಳಿ.